ಕೇಬಲ್ ಬದಲಿಸಬೇಡಿ, ಕಪ್ಪಿನ ಲೆಕ್ಕ ನೋಡಿ

ಕಂಪ್ಯೂಟರನ್ನು ಎಚ್‌ಡಿಎಂಐ ಕೇಬಲ್‌ನಿಂದ ಮಾನಿಟರ್‌ಗೆ ಜೋಡಿಸಿದಿರಿ. ಚಿತ್ರವೇನೋ ಬಂತು, ಬಣ್ಣ ಮಾತ್ರ ಹತ್ತು ಸಲ ಒಗೆದ ಬಟ್ಟೆಯಂತೆ ಮಂಕು. ಕೂಡಲೇ ಯಾರೋ ಹೇಳುತ್ತಾರೆ: ಕೇಬಲ್ ಸರಿಯಿಲ್ಲ, ದುಬಾರಿಯದು ತನ್ನಿ. ಈ ಮಾತು ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಕೇಬಲಿನಲ್ಲಿ ಹರಿಯುವುದು ಬರೀ ಸಂಖ್ಯೆಗಳು. ಅದು ಕೆಟ್ಟರೆ ಚಿತ್ರದಲ್ಲಿ ಚುಕ್ಕೆ ಮಿನುಗುತ್ತದೆ, ಇಲ್ಲವೇ ಚಿತ್ರವೇ ಆಗಾಗ ಮಾಯವಾಗುತ್ತದೆ. ಎಲ್ಲ ಬಣ್ಣವನ್ನೂ ಒಂದೇ ಸಮ ಪೇಲವ ಮಾಡುವುದು ಅದರಿಂದ ಆಗದ ಕೆಲಸ.

ಎಡವಟ್ಟಾಗಿರುವುದು ಅಳತೆಯಲ್ಲಿ. ಕಂಪ್ಯೂಟರಿಗೆ ಕಪ್ಪೆಂದರೆ 0, ಬಿಳಿಯೆಂದರೆ 255. ಇದು ಫುಲ್ ರೇಂಜ್. ಟಿವಿ ಲೋಕದಲ್ಲಿ ಕಪ್ಪು 16, ಬಿಳಿ 235. ಇದು ಲಿಮಿಟೆಡ್ ರೇಂಜ್. ಈ ಎರಡನೆಯದರ ಬೇರು 1982ರ ಸಿಸಿಐಆರ್ 601 ಎಂಬ ಮಾನದಂಡದಲ್ಲಿದೆ. ಆಗ ಅನಲಾಗ್ ಸಿಗ್ನಲ್ಲನ್ನು ಅಂಕಿಗಳಾಗಿ ಬದಲಿಸಬೇಕಿತ್ತು. ಕಪ್ಪಿನಿಂದ ಬಿಳಿಗೆ ಥಟ್ಟನೆ ಜಿಗಿಯುವ ಕಡೆ ಫಿಲ್ಟರ್ ದಾಟಿದ ಸಿಗ್ನಲ್ ಗುರಿ ಮೀರಿ ತುಸು ಮೇಲೆ ಹೋಗಿ ವಾಪಸ್ ಬರುತ್ತದೆ, ಕಾಲೂರಿ ನಿಲ್ಲಿಸಿದ ಜೋಕಾಲಿ ಇನ್ನೂ ಸ್ವಲ್ಪ ಮುಂದೆ ಹೋಗುವಂತೆ. ಆ ತುಳುಕಾಟ ಕತ್ತರಿಸಿಹೋಗದಿರಲಿ ಎಂದು ಎರಡೂ ತುದಿಯಲ್ಲಿ ಜಾಗ ಬಿಟ್ಟರು. ಪಾತ್ರೆಗೆ ಕಂಠಮಟ್ಟ ತುಂಬದೆ ಬಿಡುತ್ತೇವಲ್ಲ, ಹಾಗೆ.

ಎಚ್‌ಡಿಎಂಐ ಈ ಎರಡೂ ಅಳತೆಗಳನ್ನು ಸಾಗಿಸುತ್ತದೆ. ಮಾನಿಟರಿನ 1080p ಎಂಬ ಚಿತ್ರದ ಗಾತ್ರ ಟಿವಿಯದೂ ಹೌದು. ಹಾಗಾಗಿ ಗ್ರಾಫಿಕ್ಸ್ ಡ್ರೈವರ್ ಕೆಲವೊಮ್ಮೆ ಎದುರಿಗಿರುವುದು ಟಿವಿ ಎಂದುಕೊಂಡು ಲಿಮಿಟೆಡ್‌ನಲ್ಲಿ ಕಳಿಸುತ್ತದೆ. ಮಾನಿಟರ್ ಅದನ್ನು ಫುಲ್ ಎಂದೇ ಓದುತ್ತದೆ.

ಅಪ್ಪಟ ಕೆಂಪನ್ನು ನೋಡಿ. ಕೆಂಪು, ಹಸಿರು, ನೀಲಿ ಎಂಬ ಕ್ರಮದಲ್ಲಿ ಅದು (255, 0, 0). ಲಿಮಿಟೆಡ್ ಅಳತೆಗೆ ಕುಗ್ಗಿಸಿದರೆ (235, 16, 16). ಮಾನಿಟರ್ ಇದನ್ನು ಹಿಗ್ಗಿಸದೆ ಹಾಗೇ ತೋರಿಸಿದಾಗ ಕೆಂಪು ಕುಗ್ಗಿತು, ಜೊತೆಗೆ ಹಸಿರು, ನೀಲಿ ಬೆರೆತವು. ಬಣ್ಣ ತೆಳುವಾಗುವುದು ಹೀಗೆ. ಕಪ್ಪಿನ ಗತಿ ಇನ್ನೂ ಕೆಟ್ಟದ್ದು. ಸಂಖ್ಯೆಗೆ ಎಷ್ಟು ಬೆಳಕು ಎಂದು ಹೇಳುವ ಲೆಕ್ಕಕ್ಕೆ ಗಾಮಾ ಎನ್ನುತ್ತಾರೆ. ಗಾಮಾ 2.2 ಇರುವ ಪರದೆಯಲ್ಲಿ 16ಕ್ಕೆ ಪೂರ್ತಿ ಬಿಳಿಯ ಸುಮಾರು ಶೇ 0.23ರಷ್ಟು ಬೆಳಕು. ಕಡಿಮೆ ಅನಿಸಿತಲ್ವಾ? 1000:1 ಕಾಂಟ್ರಾಸ್ಟ್ ಇರುವ, ಅಂದರೆ ಕಪ್ಪಿಗಿಂತ ಬಿಳಿ ಸಾವಿರ ಪಟ್ಟು ಹೊಳೆಯುವ ಪರದೆಯ ಕಪ್ಪಿನಲ್ಲಿ ಸೋರುವ ಬೆಳಕೇ ಶೇ 0.1. ಎರಡೂ ಸೇರಿದರೆ ಕಪ್ಪು ಮೂರು ಪಟ್ಟಿಗೂ ಜಾಸ್ತಿ ಹೊಳೆಯುತ್ತದೆ. ಬಿಳಿಯೂ ಶೇ 84ಕ್ಕೆ ಇಳಿಯುವುದರಿಂದ ಕಾಂಟ್ರಾಸ್ಟ್ ಸುಮಾರು 250:1ಕ್ಕೆ ಬರುತ್ತದೆ.

ಸರಿಪಡಿಸಲು ಡ್ರೈವರ್ ಸೆಟ್ಟಿಂಗ್ಸ್‌ಗೆ ಹೋಗಿ. ಎನ್‌ವಿಡಿಯಾದಲ್ಲಿ Output dynamic range ಎಂದಿರುತ್ತದೆ, ಅದನ್ನು Full ಮಾಡಿ. ಟಿವಿಯಾದರೆ ಅದರ ಮೆನುವಿನಲ್ಲೂ ಬ್ಲ್ಯಾಕ್ ಲೆವೆಲ್‌ನಂಥ ಆಯ್ಕೆ ಇರುತ್ತದೆ. ಎರಡು ಕಡೆಯೂ ಫುಲ್ ಇರಲಿ, ಅಥವಾ ಎರಡು ಕಡೆಯೂ ಲಿಮಿಟೆಡ್ ಇರಲಿ, ಚಿತ್ರ ಸರಿಯಾಗಿಯೇ ಬರುತ್ತದೆ. ಒಮ್ಮೆಗೆ ಒಂದೇ ಕಡೆ ಬದಲಿಸಿ. ಎರಡನ್ನೂ ಒಟ್ಟಿಗೆ ತಿರುಗಿಸಿದರೆ ತಪ್ಪು ಉಲ್ಟಾ ಆಗಬಹುದು: ಕಂಪ್ಯೂಟರ್ ಫುಲ್, ಪರದೆ ಲಿಮಿಟೆಡ್. ಆಗ ಬಣ್ಣ ಗಾಢವಾಗಿ ಕಂಡು ಖುಷಿಯಾಗುತ್ತದೆ, ಆದರೆ 16ಕ್ಕಿಂತ ಕೆಳಗಿನದೆಲ್ಲ ಒಂದೇ ಕಪ್ಪಾಗಿ ನೆರಳಿನ ವಿವರ ಮಾಯ. ಕಪ್ಪು ಹಿನ್ನೆಲೆಯ ಮೇಲೆ 5, 10, 15ರ ಬೂದು ಚೌಕಗಳನ್ನು ಬರೆದು ಕತ್ತಲೆ ಕೋಣೆಯಲ್ಲಿ ನೋಡಿ. ಹಿನ್ನೆಲೆ ಬೂದು ಬಣ್ಣಕ್ಕೆ ತಿರುಗದೆ ಕಪ್ಪಾಗಿಯೇ ಉಳಿದು, 10, 15ರ ಚೌಕಗಳು ಮಸುಕಾಗಿಯಾದರೂ ಬೇರೆಯಾಗಿ ಕಂಡರೆ ಎರಡು ಕಡೆಯ ಅಳತೆ ಕೂಡಿದೆ.