ಪದ ಪರಿಚಯ: ವಿನಾಯಿತಿ ಕೇಳಿದ ಕೃಷಿ ಆದಾಯ, ಅದರ ಮೇಲೆ ಬಂದ ನೋಟಿಸು

ಬೆಂಗಳೂರಿನಲ್ಲಿ ಸಂಬಳ, ಊರಲ್ಲಿ ತೋಟ. ರಿಟರ್ನ್ಸ್ ಹಾಕುವಾಗ ತೋಟದ ಹಣವನ್ನು ಕೃಷಿ ಆದಾಯವೆಂದು ತೋರಿಸಿ ತೆರಿಗೆ ವಿನಾಯಿತಿ ಪಡೆಯುವವರು ಇಲ್ಲಿ ಬೇಕಾದಷ್ಟು ಜನ. 2026ರ ಮಾರ್ಚ್‌ವರೆಗಿನ ಆದಾಯಕ್ಕೆ 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 10(1) ಈ ವಿನಾಯಿತಿ ಕೊಡುತ್ತದೆ, ಕಲಂ 2(1ಎ) ಯಾವುದು ಕೃಷಿ ಆದಾಯ ಎಂದು ಹೇಳುತ್ತದೆ. ಭಾರತದಲ್ಲಿರುವ ಜಮೀನು, ಅದರಲ್ಲಿ ಉಳುಮೆ, ಬಿತ್ತನೆಯಂಥ ಕೆಲಸ, ಆ ಕೆಲಸದಿಂದ ಬಂದ ಬೆಳೆ: ಈ ಮೂರೂ ಇರಬೇಕು. ಬೆಳೆಯನ್ನು ಮಾರುಕಟ್ಟೆಗೆ ಒಯ್ಯುವಂತೆ ಮಾಡಲು ರೈತರು ಸಾಮಾನ್ಯವಾಗಿ ಮಾಡುವ ಕೆಲಸವೂ ಇದರೊಳಗೇ ಸೇರುತ್ತದೆ. ಹಾಗಾಗಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿ ಮಾರಿದರೂ ಅದು ಕೃಷಿ ಆದಾಯವೇ. ಹಾಲು, ಕೋಳಿ ಮಾರಿದ ಹಣ ಮಾತ್ರ ಇದರಲ್ಲಿ ಬರುವುದಿಲ್ಲ.

ಇಲಾಖೆ ನಿಮ್ಮ ರಿಟರ್ನ್ಸನ್ನು ಪರಿಶೀಲನೆಗೆ ಎತ್ತಿಕೊಂಡರೆ ಮೊದಲು ಕಲಂ 143(2)ರ ನೋಟಿಸು ಬರುತ್ತದೆ, ಅದರ ಹಿಂದೆ 142(1)ರಲ್ಲಿ ಪ್ರಶ್ನೆಗಳ ಪಟ್ಟಿ. ವಿನಾಯಿತಿ ಕೇಳಿದವರೇ ಅದನ್ನು ಸಾಬೀತು ಮಾಡಬೇಕು. ಸಾಬೀತಾಗದಿದ್ದರೆ ಅಧಿಕಾರಿ ಆ ಮೊತ್ತವನ್ನು ಸಂಬಳದ ಜೊತೆ ಸೇರಿಸಿ ಸುಮ್ಮನಾಗುವುದಿಲ್ಲ. ಮೂಲ ಗೊತ್ತಿಲ್ಲದ ಹಣವೆಂದು ಕಲಂ 115ಬಿಬಿಇಗೆ ತಂದರೆ ಶೇ. 60 ತೆರಿಗೆ, ಅದರ ಮೇಲೆ ಶೇ. 25 ಸರ್ಚಾರ್ಜ್, ಶೇ. 4 ಸೆಸ್ ಕೂಡಿ ಶೇ. 78 ಆಗುತ್ತದೆ.

ಬರೀ ಪಹಣಿ ಲಗತ್ತಿಸಿ 'ನಮ್ಮದು ಕೃಷಿ ಕುಟುಂಬ' ಎಂದು ಬರೆದು ಕಳಿಸಿದ ಉತ್ತರಗಳೇ ಹೆಚ್ಚಾಗಿ ಬೀಳುತ್ತವೆ. ಪಹಣಿ ಜಮೀನಿದೆ ಎಂದು ಹೇಳುತ್ತದೆ, ಹಣ ಬಂತು ಎಂದು ಹೇಳುವುದಿಲ್ಲ. ಮಂಡಿಯ ಪಟ್ಟಿ ಹಣ ಬಂತು ಎನ್ನುತ್ತದೆ, ಆ ಮಾಲು ನಿಮ್ಮ ಜಮೀನಿನದೇ ಎನ್ನುವುದಿಲ್ಲ. ಇವೆರಡರ ನಡುವೆ ಕೊಂಡಿ ಹಾಕುವುದೇ ಉತ್ತರದ ನಿಜವಾದ ಕೆಲಸ.

ಒಂದು ಉದಾಹರಣೆ ನೋಡಿ. ಬೆಂಗಳೂರಿನ ವಿಜಯನಗರದಲ್ಲಿರುವ ಒಬ್ಬರಿಗೆ ಗುಬ್ಬಿ ತಾಲ್ಲೂಕಿನಲ್ಲಿ 3 ಎಕರೆ 20 ಗುಂಟೆ ಇದೆ ಎಂದಿಟ್ಟುಕೊಳ್ಳಿ. ಬೋರ್‌ವೆಲ್ ನೀರಿನಲ್ಲಿ 2 ಎಕರೆ ಅಡಿಕೆ, ಉಳಿದ ಒಂದೂವರೆ ಎಕರೆ ಮಳೆಯಾಶ್ರಿತ ರಾಗಿ. 2023-24ರಲ್ಲಿ ಒಣ ಅಡಿಕೆ 16 ಕ್ವಿಂಟಲ್ ಆಯಿತು. ಡಿಸೆಂಬರಿನಲ್ಲಿ 6 ಕ್ವಿಂಟಲ್ 47,000ದಂತೆ, ಜನವರಿಯಲ್ಲಿ 6 ಕ್ವಿಂಟಲ್ 46,000ದಂತೆ, ಮಾರ್ಚಿನಲ್ಲಿ 4 ಕ್ವಿಂಟಲ್ 45,000ದಂತೆ ಮಾರಿದರು. ಒಟ್ಟು 7,38,000 ರೂಪಾಯಿ. ರಾಗಿ 9 ಕ್ವಿಂಟಲ್ ಬಂದಿತ್ತು, ಮನೆಗೆ 3 ಇಟ್ಟುಕೊಂಡು 6 ಕ್ವಿಂಟಲ್ ಅನ್ನು ಆ ವರ್ಷದ ಬೆಂಬಲ ಬೆಲೆ 3,846ರಂತೆ ಖರೀದಿ ಕೇಂದ್ರಕ್ಕೆ ಕೊಟ್ಟರು: 23,076. ಒಟ್ಟು ಹುಟ್ಟುವಳಿ 7,61,076. ಕೂಲಿ, ಗೊಬ್ಬರ, ಸುಲಿತದ ಖರ್ಚು 1,92,000 ಕಳೆದರೆ ನಿವ್ವಳ 5,69,076. ಇದು 5 ಲಕ್ಷ ದಾಟಿದ್ದರಿಂದ ರಿಟರ್ನ್ಸ್‌ನಲ್ಲೇ ಜಿಲ್ಲೆ, ಪಿನ್‌ಕೋಡ್, ಎಕರೆ, ಸ್ವಂತವೋ ಗುತ್ತಿಗೆಯೋ, ನೀರಾವರಿಯೋ ಮಳೆಯಾಶ್ರಿತವೋ ಎಂದು ತುಂಬಿರುತ್ತಾರೆ. ಉತ್ತರದಲ್ಲಿ ಬರೆಯುವುದು ಅದಕ್ಕೆ ತಾಳೆಯಾಗಬೇಕು.

ಈಗ ಪಹಣಿ. landrecords.karnataka.gov.in ನಿಂದ ತೆಗೆಯುವಾಗ ವರ್ಷ ನೋಡಿಕೊಳ್ಳಿ. ತೆರಿಗೆಯ ವರ್ಷ ಏಪ್ರಿಲ್‌ನಿಂದ ಮಾರ್ಚ್, ಪಹಣಿಯ ವರ್ಷ ಜುಲೈನಿಂದ ಜೂನ್. ಏಪ್ರಿಲ್–ಜೂನ್ 2023ರ ನಡುವೆ ಏನಾದರೂ ಮಾರಿದ್ದರೆ ಆ ಬೆಳೆ 2022-23ರ ಪಹಣಿಯಲ್ಲಿರುತ್ತದೆ. ಆದ್ದರಿಂದ ಎರಡೂ ವರ್ಷದ್ದನ್ನು ಕೊಡುವುದು ಕ್ಷೇಮ. ಇಂದಿನ ಪಹಣಿಯೊಂದನ್ನೇ ಕೊಟ್ಟರೆ ಅದು ಆಗಿನ ಬೆಳೆಗೆ ಪುರಾವೆಯೇ ಅಲ್ಲ.

ಒಂಬತ್ತನೇ ಕಾಲಮ್ಮಿನಲ್ಲಿ ಮಾಲೀಕರ ಹೆಸರು, ಹನ್ನೆರಡರಲ್ಲಿ ಸಾಗುವಳಿದಾರರು ಮತ್ತು ಬೆಳೆ. ತೊಡಕು ಹುಟ್ಟುವುದು ಬಹುಪಾಲು ಇಲ್ಲೇ. ತೋಟ ಕಟ್ಟಿ ಹತ್ತು ವರ್ಷವಾದರೂ ಹನ್ನೆರಡನೇ ಕಾಲಮ್ಮಿನಲ್ಲಿ ಪೂರ್ತಿ ಜಮೀನಿಗೆ 'ರಾಗಿ' ಎಂದೇ ಮುಂದುವರಿದಿರುವುದುಂಟು. ಮೂರೂವರೆ ಎಕರೆ ರಾಗಿಯಿಂದ ಏಳು ಲಕ್ಷ ಹೇಗೆ ಎಂದು ಅಧಿಕಾರಿ ಕೇಳಿದರೆ ತಪ್ಪೇನಿಲ್ಲ. ಆಗ ಆ ವರ್ಷದ ಬೆಳೆ ಸಮೀಕ್ಷೆಯ ವಿವರ, ಗ್ರಾಮ ಆಡಳಿತ ಅಧಿಕಾರಿಯ ಬೆಳೆ ದೃಢೀಕರಣ ಅಥವಾ ತೋಟಗಾರಿಕೆ ಇಲಾಖೆಯ ಪತ್ರ ಸೇರಿಸಬೇಕು. ತಂದೆ ತೀರಿಕೊಂಡು ಪೌತಿ ಖಾತೆ ಆಗದೆ ಹೆಸರು ಅವರದೇ ಉಳಿದಿದ್ದರೆ ವಂಶವೃಕ್ಷ ಬೇಕು, ಜೊತೆಗೆ ಉಳಿದ ವಾರಸುದಾರರ ಪಾಲು ಏನಾಯಿತು ಎಂಬ ವಿವರಣೆಯೂ ಬೇಕು. ಅಣ್ಣತಮ್ಮಂದಿರ ಪಾಲನ್ನೂ ಒಬ್ಬರೇ ತೋರಿಸಿಕೊಂಡಿದ್ದರೆ ಅಷ್ಟರ ಮಟ್ಟಿಗೆ ಉತ್ತರ ನಿಲ್ಲುವುದಿಲ್ಲ.

ಪಟ್ಟಿಯ ವಿಷಯ. ಅದರಲ್ಲಿ ದಿನಾಂಕ, ಮಾರಿದವರ ಹೆಸರು, ಮಾಲು, ತೂಕ, ದರ, ಮಂಡಿಯ ಹೆಸರು ಮತ್ತು ಲೈಸೆನ್ಸ್ ಸಂಖ್ಯೆ ಇರಬೇಕು. ಬರೀ ಮೊತ್ತ ಗೀಚಿದ ಬಿಳಿ ಚೀಟಿಗೆ ಬೆಲೆಯಿಲ್ಲ. ಚೀಟಿಯೇ ಸಿಕ್ಕಿದ್ದರೆ ಮಂಡಿಯವರಿಂದ ಅವರ ಲೆಕ್ಕದ ಪುಸ್ತಕದಲ್ಲಿ ನಿಮ್ಮ ಖಾತೆಯ ನಕಲು ಸಹಿ ಹಾಕಿಸಿ ತನ್ನಿ. ಆದರೆ ಈಗ ಕೂತು ಹಳೆಯ ದಿನಾಂಕದ ಪಟ್ಟಿ ಬರೆಸಬೇಡಿ. ಅಧಿಕಾರಿ ಕಲಂ 133(6)ರಲ್ಲಿ ಮಂಡಿಯವರನ್ನೇ ನೇರವಾಗಿ ಕೇಳಬಹುದು. ಅವರ ಪುಸ್ತಕದಲ್ಲಿ ಆ ಮಾರಾಟ ಇಲ್ಲದಿದ್ದರೆ ನಿಜವಾದ ಪಟ್ಟಿಗಳ ಮೇಲೂ ನಂಬಿಕೆ ಹೋಗುತ್ತದೆ.

ಉದಾಹರಣೆಯಲ್ಲಿ ಮೊದಲ ಎರಡು ಮಾರಾಟದ ಹಣ ಬ್ಯಾಂಕಿಗೆ ಬಂದಿದೆ, ಪಟ್ಟಿಯ ಪಕ್ಕದಲ್ಲಿ ಪಾಸ್‌ಬುಕ್ಕಿನ ಸಾಲು ತೋರಿಸಿದರೆ ಸಾಕು. ಮಾರ್ಚಿನ 1,80,000 ನಗದು. ಒಂದು ವಾರದ ಮೇಲೆ 1,50,000 ಖಾತೆಗೆ ಕಟ್ಟಿ, 30,000 ಕೂಲಿಗೆ ಕೊಟ್ಟಿದ್ದಾರೆ. ಈ ಸಾಲನ್ನು ಹೀಗೇ ಬರೆಯಬೇಕು, ಇಲ್ಲದಿದ್ದರೆ ಪಟ್ಟಿಗೂ ಜಮೆಗೂ 30,000 ವ್ಯತ್ಯಾಸ ಕಂಡು ಮತ್ತೆ ಪ್ರಶ್ನೆ ಬರುತ್ತದೆ. ಬೆಳೆಗಾರರಿಗೆ ವ್ಯಾಪಾರಿ ನಗದು ಕೊಡುವುದು ತಪ್ಪಲ್ಲ, ಆದರೆ ಒಂದೇ ವ್ಯವಹಾರದಲ್ಲಿ 2 ಲಕ್ಷ ಮುಟ್ಟಿದರೆ ಕಲಂ 269ಎಸ್‌ಟಿ ಅಡ್ಡ ಬರುತ್ತದೆ. ಪಡೆದಷ್ಟೇ ಮೊತ್ತದ ದಂಡ ಬೀಳಬಹುದು.

ತೋಟವನ್ನು ಚೇಣಿಗೆ ಕೊಟ್ಟಿದ್ದರೆ ಪಟ್ಟಿ ಚೇಣಿದಾರನ ಹೆಸರಲ್ಲಿರುತ್ತದೆ. ಆಗ ನಿಮ್ಮ ಪುರಾವೆ ಚೇಣಿ ಕರಾರು ಮತ್ತು ಹಣ ಬಂದ ದಾಖಲೆ. ಬೆಳೆ ಬೆಳೆದವರಿಗೆ ಅದು ಕೃಷಿ ಆದಾಯ. ಮರದ ಮೇಲಿನ ಫಸಲು ಕೊಂಡು ಕಿತ್ತು ಮಾರಿದವನ ಲಾಭ ವ್ಯಾಪಾರದ ಆದಾಯ.

ಖರ್ಚನ್ನು ಸೊನ್ನೆ ತೋರಿಸಿದ ಲೆಕ್ಕ ಕಂಡರೆ ಅನುಮಾನ ಸಹಜ. ಕೂಲಿಯ ವೋಚರ್, ಗೊಬ್ಬರದ ಬಿಲ್ಲು ಇದ್ದಷ್ಟು ಕೊಡಿ. ಪರಿಶೀಲನೆ ಮುಖರಹಿತ ಪದ್ಧತಿಯಲ್ಲಿ ನಡೆಯುವುದರಿಂದ ನಿಮ್ಮ ಕಡತ ನೋಡುವವರು ಬೇರೆ ರಾಜ್ಯದವರಿರಬಹುದು. ಬೋರ್‌ವೆಲ್ ಇದ್ದೂ ಕರೆಂಟ್ ಬಿಲ್ಲು ಯಾಕಿಲ್ಲ ಎಂದು ಅವರಿಗೆ ಹೊಳೆಯದು. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರ್ನಾಟಕದಲ್ಲಿ ವಿದ್ಯುತ್ ಉಚಿತ ಎಂದು ಬರೆದು ಆರ್.ಆರ್. ಸಂಖ್ಯೆ ಕೊಡಿ. 40 ಗುಂಟೆಗೆ ಒಂದು ಎಕರೆ ಎಂದೂ ತಿಳಿಸಿ, ಕನ್ನಡದ ಪಹಣಿ, ಪಟ್ಟಿಗಳಿಗೆ ಇಂಗ್ಲಿಷ್ ಅನುವಾದ ಲಗತ್ತಿಸಿ. 2023 ಬರದ ವರ್ಷ, ಅಡಿಕೆ ಹೇಗೆ ಬಂತು ಎಂಬ ಪ್ರಶ್ನೆಗೂ ಬೋರ್‌ವೆಲ್ಲೇ ಉತ್ತರ. ರಾಗಿ ಎಕರೆಗೆ ಆರೇ ಕ್ವಿಂಟಲ್ ಬಂದದ್ದು ಅದಕ್ಕೆ ಹೊಂದುತ್ತದೆ.

ಉತ್ತರ ಕಳಿಸುವುದು ಆದಾಯ ತೆರಿಗೆ ಪೋರ್ಟಲ್ಲಿನ Pending Actions ಅಡಿಯ e-Proceedings ನಲ್ಲಿ. ಮೊದಲ ಪುಟದಲ್ಲಿ ಒಂದೇ ಕೋಷ್ಟಕ ಇರಲಿ: ಸರ್ವೆ ನಂಬರು, ಬೆಳೆ, ವಿಸ್ತೀರ್ಣ, ಇಳುವರಿ, ಪಟ್ಟಿಯ ದಿನಾಂಕ, ಮೊತ್ತ, ಬ್ಯಾಂಕಿನ ಸಾಲು, ಲಗತ್ತಿನ ಸಂಖ್ಯೆ. ದೃಢೀಕರಣ ಪತ್ರ ಕೈಗೆ ಬರಲು ತಡವಾದರೆ ಗಡುವಿಗೆ ಮುಂಚೆಯೇ ಅಲ್ಲಿಯೇ ಕಾಲಾವಕಾಶ ಕೇಳಿ, ಇದ್ದ ದಾಖಲೆಗಳನ್ನು ಭಾಗಶಃ ಉತ್ತರವಾಗಿ ಹಾಕಿ. ಸುಮ್ಮನಿದ್ದುಬಿಟ್ಟರೆ ಕಲಂ 144ರಲ್ಲಿ ಅಧಿಕಾರಿ ತಮ್ಮ ಅಂದಾಜಿನಂತೆ ಆದೇಶ ಮಾಡಬಹುದು, ನೋಟಿಸಿಗೆ ಓಗೊಡದ್ದಕ್ಕೆ 10,000 ರೂಪಾಯಿ ದಂಡ ಬೇರೆ.