‘ರೆಫರ್ ಮಾಡಿದ್ರೆ ಅವರಿಗೂ ಬೋನಸ್ ಬರುತ್ತಲ್ವಾ?’: ಸೀನಿಯರ್ ಹತ್ತಿರ ರೆಫರಲ್ ಕೇಳುವ ಮುಂಚೆ

ಪ್ರಶ್ನೆ: ನಾನು 2025ರಲ್ಲಿ ಬಿಇ ಮುಗಿಸಿದೆ. ಕ್ಯಾಂಪಸ್‌ನಲ್ಲಿ ಕೆಲಸ ಆಗಲಿಲ್ಲ. ನಮ್ಮದೇ ಬ್ರಾಂಚಿನ, ಎರಡು ವರ್ಷ ಸೀನಿಯರ್ ಒಬ್ಬರು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದಾರೆ. ಕಾಲೇಜಿನಲ್ಲಿ ಒಂದೆರಡು ಸಲ ಮಾತಾಡಿದ್ದು ಬಿಟ್ಟರೆ ಜಾಸ್ತಿ ಪರಿಚಯ ಇಲ್ಲ. ಅವರ ಹತ್ತಿರ ರೆಫರಲ್ ಕೇಳಬಹುದಾ? ಹೇಗೆ ಕೇಳಬೇಕು? ರೆಫರ್ ಮಾಡಿದರೆ ಅವರಿಗೂ ಬೋನಸ್ ಬರುತ್ತಂತೆ, ಹಾಗಾಗಿ ತಪ್ಪು ತಿಳಿಯಲ್ಲ ಅಲ್ವಾ?

ಉತ್ತರ: ಕೇಳಬಹುದು. ಒಂದೆರಡು ಸಲ ಮಾತಾಡಿದ ಪರಿಚಯವೇ ಸಾಕು. ಕೇಳುವ ರೀತಿಯನ್ನು ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮ ಪ್ರಶ್ನೆಯ ಕೊನೆಯ ಸಾಲಿನ ವಿಚಾರ ಮುಗಿಸೋಣ. ಎಂಟನೇ ಸೆಮಿಸ್ಟರ್ ರಿಸಲ್ಟ್ ಬಂದಾಗಲೆಲ್ಲ ಈ ಸಾಲು ನನಗೆ ಬರುವ ಪ್ರತಿ ಮೆಸೇಜಿನಲ್ಲೂ ಇರುತ್ತದೆ. ಎಷ್ಟು ಜನಕ್ಕೆ ಬಿಡಿಸಿ ಹೇಳಿದರೂ ಹೋಗುತ್ತಿಲ್ಲ. ‘ಅವರಿಗೂ ಲಾಭ ಇದೆ, ಒಂದು ಕ್ಲಿಕ್ ಮಾಡಿದರೆ ಆಯಿತು’ ಅನ್ನುವುದು ಪೂರ್ತಿ ತಪ್ಪು ತಿಳಿವಳಿಕೆ.

ರೆಫರ್ ಮಾಡುವವರು ಏನು ಮಾಡುತ್ತಾರೆ ನೋಡಿ. ಕಂಪನಿಯ ಒಳಗಿನ ಪೋರ್ಟಲ್‌ಗೆ ಲಾಗಿನ್ ಆಗುತ್ತಾರೆ. ಜಾಬ್ ಐಡಿ ಹಾಕಿ ಆ ಓಪನಿಂಗ್ ಹುಡುಕುತ್ತಾರೆ. ನಿಮ್ಮ ಹೆಸರು, ಮೇಲ್, ಫೋನ್ ನಂಬರ್ ಟೈಪ್ ಮಾಡಿ ರೆಸ್ಯೂಮೆ ಅಪ್‌ಲೋಡ್ ಮಾಡುತ್ತಾರೆ. ಇಲ್ಲಿಯವರೆಗೆ ಸುಲಭ. ಆಮೇಲೆ ಎಷ್ಟೋ ಪೋರ್ಟಲ್‌ಗಳಲ್ಲಿ ಪ್ರಶ್ನೆಗಳು ಶುರುವಾಗುತ್ತವೆ. ಈ ವ್ಯಕ್ತಿ ನಿಮಗೆ ಹೇಗೆ ಗೊತ್ತು? ಎಷ್ಟು ಸಮಯದಿಂದ? ಜೊತೆಗೆ ಕೆಲಸ ಮಾಡಿದ್ದೀರಾ? ಈ ಹುದ್ದೆಗೆ ಯಾಕೆ ಸರಿ ಅನಿಸುತ್ತಾರೆ? ಕೊನೆಯ ಪ್ರಶ್ನೆಯ ಕೆಳಗೆ ಒಂದು ಖಾಲಿ ಡಬ್ಬಿ ಇರುತ್ತದೆ. ಒಂದೆರಡು ಸಲ ಮಾತಾಡಿದ ಜೂನಿಯರ್ ಬಗ್ಗೆ ಅದರಲ್ಲಿ ಏನು ಬರೆಯುವುದು? ನಿಮ್ಮ ಸೀನಿಯರ್ ಕೈ ನಿಲ್ಲುವುದು ಅಲ್ಲೇ. ಸುಳ್ಳು ಬರೆಯಲು ಮನಸ್ಸಾಗುವುದಿಲ್ಲ, ನಿಜ ಬರೆದರೆ ನಿಮಗೆ ತೊಂದರೆ ಆಗುತ್ತದೇನೋ ಅನಿಸುತ್ತದೆ. ‘ಸಂಜೆ ನೋಡೋಣ’ ಅಂತ ಟ್ಯಾಬ್ ಮುಚ್ಚುತ್ತಾರೆ. ನಿಮಗೆ ಕಾಣುವುದು ಎರಡು ನೀಲಿ ಟಿಕ್ ಮಾತ್ರ.

ಇನ್ನು ಬೋನಸ್. ರೆಫರ್ ಮಾಡಿದ್ದಕ್ಕೆ ಅದು ಬರುವುದಿಲ್ಲ. ನೀವು ಎಲ್ಲ ರೌಂಡ್ ಪಾಸಾಗಬೇಕು, ಆಫರ್ ಬರಬೇಕು, ಸೇರಬೇಕು. ಸಾಮಾನ್ಯವಾಗಿ ಸೇರಿದ ಮೇಲೂ ಮೂರು ತಿಂಗಳೋ ಆರು ತಿಂಗಳೋ ಅಲ್ಲಿ ಉಳಿಯಬೇಕು. ಅಷ್ಟು ದಿನ ನಿಮ್ಮ ಸೀನಿಯರ್ ಕೂಡ ಅದೇ ಕಂಪನಿಯಲ್ಲಿರಬೇಕು. ಬಂದ ಹಣ ಸಂಬಳದ ಲೆಕ್ಕಕ್ಕೆ ಸೇರಿ ಅದಕ್ಕೂ ಟ್ಯಾಕ್ಸ್ ಇರುತ್ತದೆ. ಎಷ್ಟೋ ಕಡೆ ಅನುಭವಸ್ಥರ ಹುದ್ದೆಗೆ ಬೋನಸ್ ಇರುತ್ತದೆ, ಫ್ರೆಶರ್‌ಗಳ ಹುದ್ದೆಗೆ ಇರುವುದೇ ಇಲ್ಲ, ಇದ್ದರೂ ಕಡಿಮೆ. ನೀವು ಕೇಳುತ್ತಿರುವುದು ಫ್ರೆಶರ್ ಹುದ್ದೆಗೆ. ಅಂದರೆ ‘ನಿಮಗೂ ಬೋನಸ್ ಬರುತ್ತಲ್ವಾ ಸರ್’ ಅಂತ ನೀವು ಬರೆದಾಗ, ಬಹಳ ಸಲ ಅಲ್ಲಿ ಬೋನಸ್ಸೇ ಇರುವುದಿಲ್ಲ.

ಹಣಕ್ಕಿಂತ ದೊಡ್ಡದು ಇನ್ನೊಂದಿದೆ. ರೆಫರಲ್ ಹಾಕಿದವರ ಹೆಸರು ನಿಮ್ಮ ಹೆಸರಿನ ಪಕ್ಕದಲ್ಲೇ ರಿಕ್ರೂಟರ್‌ಗೆ ಕಾಣುತ್ತದೆ. ನಾನು ಕೆಲಸಕ್ಕೆ ಸೇರಿ ಎರಡನೇ ವರ್ಷ, ಇಲ್ಲ ಅನ್ನಲು ಬಾರದೆ, ಒಂದೇ ತಿಂಗಳಲ್ಲಿ ಹನ್ನೊಂದು ಜನರನ್ನು ರೆಫರ್ ಮಾಡಿದ್ದೆ. ಒಂದು ಮಧ್ಯಾಹ್ನ ಕಾಫಿ ಮೆಷಿನ್ ಹತ್ತಿರ ರಿಕ್ರೂಟರ್ ಸಿಕ್ಕಿ, ಅದರಲ್ಲಿ ಒಬ್ಬ ಹುಡುಗನ ಹೆಸರು ಹೇಳಿ, “ಇವನ ಪ್ರಾಜೆಕ್ಟ್ ಏನು, ಇವನೇ ಮಾಡಿದ್ದಾ?” ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಅವನ ಮುಖ ಕೂಡ ನೆನಪಿರಲಿಲ್ಲ. ಆ ಹನ್ನೊಂದರಲ್ಲಿ ನಾನು ಚೆನ್ನಾಗಿ ಬಲ್ಲ ಹುಡುಗಿ ಒಬ್ಬಳಿದ್ದಳು. ಲ್ಯಾಬಿನಲ್ಲಿ ಎಲ್ಲರೂ ಊಟಕ್ಕೆ ಎದ್ದು ಹೋದ ಮೇಲೂ ಎರರ್ ಹುಡುಕುತ್ತ ಕೂರುತ್ತಿದ್ದವಳು. ಅವಳ ಬಗ್ಗೆ ಮನಸ್ಸಿಟ್ಟು ಬರೆದಿದ್ದೆ. ಅವಳ ರೆಸ್ಯೂಮೆಯೂ ಅದೇ ರಾಶಿಯಲ್ಲಿ ಸೇರಿ ಹೋಯಿತು, ಯಾರೂ ಕರೆಯಲಿಲ್ಲ. ಅದು ಇವತ್ತಿಗೂ ನನಗೆ ನೋವು ಕೊಡುತ್ತದೆ. ನಿಮ್ಮ ಸೀನಿಯರ್ ಹಿಂದೆಮುಂದೆ ನೋಡಿದರೆ ಅದು ಕೊಬ್ಬಲ್ಲ. ಅವರ ಮಾತಿಗೆ ಅಲ್ಲಿ ಒಂದಿಷ್ಟು ಬೆಲೆ ಇದೆ, ಅದನ್ನು ಅವರು ಜೋಪಾನ ಮಾಡುತ್ತಿದ್ದಾರೆ.

ಈಗ ಕೇಳುವ ರೀತಿ. ಅವರಿಗೆ ನಿಮ್ಮ ನೆನಪಿದೆ ಅಂತ ಅಂದುಕೊಳ್ಳಬೇಡಿ. ಇನ್ನೂ ಅದೇ ಕಂಪನಿಯಲ್ಲಿದ್ದಾರೆ ಅಂತಲೂ ಅಂದುಕೊಳ್ಳಬೇಡಿ, ಲಿಂಕ್ಡ್‌ಇನ್‌ನಲ್ಲಿ ಒಮ್ಮೆ ನೋಡಿ. ಇಡೀ ಕಂಪನಿಯಲ್ಲಿ ‘ಯಾವುದಾದರೂ ಓಪನಿಂಗ್’ ಹುಡುಕಿ ಕೊಡುವುದು ಅವರ ಕೆಲಸ ಅಲ್ಲ. ಕಂಪನಿಯ ವೆಬ್‌ಸೈಟಿನ ಕೆರಿಯರ್ಸ್ ಪುಟಕ್ಕೆ ನೀವೇ ಹೋಗಿ, ಒಂದೇ ಒಂದು ಹುದ್ದೆ ಆರಿಸಿ. ಯಾವ ಬ್ಯಾಚಿನವರು ಹಾಕಬಹುದು, ಸಿಜಿಪಿಎ ಎಷ್ಟಿರಬೇಕು, ಬ್ಯಾಕ್‌ಲಾಗ್ ಇದ್ದರೆ ಆಗುತ್ತದಾ ಅಂತ ಓದಿಕೊಳ್ಳಿ. ಅರ್ಹತೆ ಇಲ್ಲದ ಕಡೆ ರೆಫರಲ್ ಏನೂ ಮಾಡಲಾರದು, ಆ ಸೋಸುವಿಕೆ ಮೊದಲೇ ಆಗಿಹೋಗಿರುತ್ತದೆ.

ಮೆಸೇಜ್ ಹೀಗಿರಲಿ:

“ನಮಸ್ತೆ ಸರ್. ನಾನು (ಹೆಸರು), ಇ ಅಂಡ್ ಸಿ, 2025 ಬ್ಯಾಚ್. ನಿಮ್ಮ ಫೈನಲ್ ಇಯರ್ ಪ್ರಾಜೆಕ್ಟ್ ಎಕ್ಸಿಬಿಷನ್ ದಿನ ನಿಮ್ಮ ಟೇಬಲ್‌ಗೆ ಎಕ್ಸ್‌ಟೆನ್ಷನ್ ಬಾಕ್ಸ್ ತಂದುಕೊಟ್ಟಿದ್ದೆ. ನೆನಪಿಲ್ಲದಿದ್ದರೂ ಪರವಾಗಿಲ್ಲ. ನಿಮ್ಮ ಕಂಪನಿಯ ಸೈಟಿನಲ್ಲಿ ಟೆಸ್ಟ್ ಎಂಜಿನಿಯರ್ ಫ್ರೆಶರ್ ಹುದ್ದೆ ನೋಡಿದೆ, ಜಾಬ್ ಐಡಿ ಮತ್ತು ಲಿಂಕ್ ಕೆಳಗಿದೆ. ನನ್ನ ಬ್ಯಾಚಿಗೆ ಅವಕಾಶ ಇದೆ, ಬ್ಯಾಕ್‌ಲಾಗ್ ಇಲ್ಲ. ಇನ್ನೂ ಅರ್ಜಿ ಹಾಕಿಲ್ಲ. ಇದಕ್ಕೆ ರೆಫರ್ ಮಾಡಲು ನಿಮಗೆ ಸಾಧ್ಯ ಇದ್ದು, ಸರಿ ಅನಿಸಿದರೆ ಮಾತ್ರ ಕೇಳುತ್ತಿದ್ದೇನೆ. ಫಾರ್ಮಿನಲ್ಲಿ ‘ಕಾಲೇಜಿನ ಜೂನಿಯರ್, ಜೊತೆಗೆ ಕೆಲಸ ಮಾಡಿಲ್ಲ’ ಅಂತ ಇದ್ದದ್ದು ಇದ್ದ ಹಾಗೆ ಬರೆದರೂ ನನಗೆ ಸಾಕು. ಕೊನೆಯ ದಿನ 20ನೇ ತಾರೀಕು. 16ರವರೆಗೆ ನೋಡಿ, ಆಮೇಲೆ ನಾನೇ ನೇರವಾಗಿ ಹಾಕುತ್ತೇನೆ. ಬಿಡುವಿಲ್ಲದೆ ಉತ್ತರ ಬರೆಯಲು ಆಗದಿದ್ದರೂ ಬೇಜಾರಿಲ್ಲ.”

ಇದರಲ್ಲಿ ಮೂರು ಮಾತು ಮುಖ್ಯ. ‘ಇನ್ನೂ ಅರ್ಜಿ ಹಾಕಿಲ್ಲ’ ಅನ್ನುವುದು ಒಂದು. ಎಷ್ಟೋ ಕಂಪನಿಗಳಲ್ಲಿ ನೀವು ಮೊದಲೇ ನೇರವಾಗಿ ಹಾಕಿದ್ದರೆ ನಿಮ್ಮ ಮೇಲ್ ಐಡಿ ಸಿಸ್ಟಮ್ಮಿನಲ್ಲಿ ಕೂತಿರುತ್ತದೆ, ಆಮೇಲೆ ಬಂದ ರೆಫರಲ್ ಅದಕ್ಕೆ ಅಂಟುವುದಿಲ್ಲ. ಅರ್ಜಿ ಹಾಕಿಬಿಟ್ಟಿದ್ದರೆ ಅದನ್ನೂ ಹೇಳಿ, ಮುಚ್ಚಿಡಬೇಡಿ. ಸೀನಿಯರ್ ಎಲ್ಲ ತುಂಬಿದ ಮೇಲೆ ‘ಈ ಅಭ್ಯರ್ಥಿ ಈಗಾಗಲೇ ಇದ್ದಾರೆ’ ಅಂತ ಪರದೆ ಮೇಲೆ ಬಂದರೆ ಅವರ ಶ್ರಮ ಸುಮ್ನೆ ದಂಡ.

ಎರಡನೆಯದು ತಾರೀಕು. 16 ದಾಟಿದರೆ ನಾನೇ ಹಾಕುತ್ತೇನೆ ಅಂದಾಗ, ಅವರಿಗೆ ‘ಆಗಲ್ಲ’ ಅಂತ ಬಾಯಿಬಿಟ್ಟು ಹೇಳುವ ಸಂಕಟ ಇಲ್ಲ. ಸುಮ್ಮನಿದ್ದರೂ ನಿಮಗೆ ಅರ್ಥವಾಗುತ್ತದೆ. ನಿಮಗೂ ಕಾಯುತ್ತ ಕೂತು ಹುದ್ದೆ ಮುಚ್ಚಿಹೋಗುವ ಭಯ ಇಲ್ಲ. 16ರ ರಾತ್ರಿ ನಿಜವಾಗಿಯೂ ಅರ್ಜಿ ಹಾಕಿ. ‘ಸರ್, ಒಂದು ಸಲ ನೋಡ್ತೀರಾ’ ಅಂತ ಮತ್ತೆ ಕೇಳಬೇಡಿ.

ಮೂರನೆಯದು ‘ಇದ್ದದ್ದು ಇದ್ದ ಹಾಗೆ ಬರೆದರೂ ಸಾಕು’. ನಾನು ನೋಡಿದ ಹಾಗೆ ಜೂನಿಯರ್‌ಗಳು ಬರೆಯದೆ ಬಿಡುವ ಸಾಲು ಇದೇ. ಆ ಖಾಲಿ ಡಬ್ಬಿಯ ಮುಂದೆ ನಿಂತ ಕೈಗೆ ಇದು ಬಿಡುಗಡೆ ಕೊಡುತ್ತದೆ. ನಿಮ್ಮ ಪರವಾಗಿ ಸುಳ್ಳು ಹೇಳಿ ಅಂತ ನೀವು ಕೇಳುತ್ತಿಲ್ಲ ಅನ್ನುವುದು ಅವರಿಗೆ ಗೊತ್ತಾಗುತ್ತದೆ. ಕೆಲವರು ಇದನ್ನು ಓದಿ, “ಹತ್ತು ನಿಮಿಷ ಫೋನ್ ಮಾಡು, ಪ್ರಾಜೆಕ್ಟ್ ಬಗ್ಗೆ ಹೇಳು, ಏನಾದರೂ ಬರೆಯೋಣ” ಅನ್ನುತ್ತಾರೆ.

ರೆಸ್ಯೂಮೆಯನ್ನು ಮೊದಲ ಮೆಸೇಜಿಗೇ ಅಂಟಿಸಬೇಕಾಗಿಲ್ಲ. ಒಪ್ಪಿದ ಮೇಲೆ ಕಳಿಸಿ, ಆದರೆ ಆ ಕ್ಷಣವೇ ಕಳಿಸುವಷ್ಟು ಸಿದ್ಧವಾಗಿರಲಿ. ಒಂದು ಪುಟ, ಪಿಡಿಎಫ್, ಫೈಲಿಗೆ ನಿಮ್ಮ ಹೆಸರು. ಜೊತೆಗೆ ಫೋನ್ ನಂಬರ್, ಮೇಲ್ ಐಡಿ ಬೇರೆಯಾಗಿ ಟೈಪ್ ಮಾಡಿ, ಅವರು ಕಾಪಿ ಮಾಡಿಕೊಳ್ಳಲಿ. ನೀವು ಮಾಡಿದ ಕೆಲಸದ ಬಗ್ಗೆ ಎರಡು ಸಾಲೂ ಇರಲಿ. ‘ನನಗೆ ಕಲಿಯುವ ಆಸಕ್ತಿ ತುಂಬಾ ಇದೆ’ ಅಂತ ಬರೆದರೆ ಯಾರಿಗೂ ಉಪಯೋಗ ಇಲ್ಲ. ‘ಹಾಸ್ಟೆಲ್ ಮೆಸ್ ಲೆಕ್ಕದ ಆ್ಯಪ್‌ಗೆ ನಲವತ್ತು ಟೆಸ್ಟ್ ಕೇಸ್ ಬರೆದೆ, ರಜೆಯ ದಿನದ ದುಡ್ಡು ಎರಡು ಸಲ ಕಡಿತವಾಗುವ ತಪ್ಪು ಅದರಲ್ಲಿ ಸಿಕ್ಕಿತು’ ಅಂದರೆ, ಡಬ್ಬಿಯಲ್ಲಿ ಬರೆಯಲು ಅವರಿಗೆ ಏನೋ ಸಿಕ್ಕಿತು.

ಅವರು ಹಾಕಿದ ಮೇಲೆ ಸಾಮಾನ್ಯವಾಗಿ ನಿಮಗೆ ಕಂಪನಿಯಿಂದ ಒಂದು ಮೇಲ್ ಬರುತ್ತದೆ. ಅದರಲ್ಲಿರುವ ಲಿಂಕ್ ಮೂಲಕವೇ ಅರ್ಜಿ ತುಂಬಬೇಕು, ಇಲ್ಲದಿದ್ದರೆ ರೆಫರಲ್ ಅರ್ಧಕ್ಕೆ ನಿಲ್ಲುತ್ತದೆ. ಸ್ಪ್ಯಾಮ್ ಫೋಲ್ಡರ್ ನೋಡಿ. ತುಂಬಿದ ಮೇಲೆ ‘ಲಿಂಕ್ ಬಂತು, ತುಂಬಿದೆ, ಥ್ಯಾಂಕ್ಸ್’ ಅಂತ ಒಂದು ಸಾಲು ಹಾಕಿ. ಆಮೇಲೆ ‘ಸ್ಟೇಟಸ್ ಏನಾಯ್ತು’ ಅಂತ ಅವರನ್ನು ಕೇಳಬೇಡಿ. ಬಹಳಷ್ಟು ಕಡೆ ಅವರಿಗೂ ‘ಪರಿಶೀಲನೆಯಲ್ಲಿದೆ’ ಅನ್ನುವುದಕ್ಕಿಂತ ಜಾಸ್ತಿ ಏನೂ ಕಾಣುವುದಿಲ್ಲ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ಸರ್ ಅನ್ನಬೇಕಾ, ಅಣ್ಣ ಅನ್ನಬೇಕಾ? ಕಾಲೇಜಿನಲ್ಲಿ ಏನಂತಿದ್ದಿರೋ ಅದನ್ನೇ ಅನ್ನಿ. ಅಲ್ಲಿ ಸರ್ ಅಂತಿದ್ದು ಈಗ ಏಕಾಏಕಿ ‘ಅಣ್ಣಾ, ತಮ್ಮನಿಗೆ ಒಂದು ದಾರಿ ಮಾಡಿಕೊಡಿ’ ಅಂದರೆ, ಇಲ್ಲದ ಸಲಿಗೆ ತಂದು ಅವರ ತಲೆ ಮೇಲೆ ಹೊರಿಸಿದಂತಾಗುತ್ತದೆ. ನಮ್ಮಲ್ಲಿ ಅಣ್ಣ, ಅಕ್ಕ ಅನ್ನುವ ಮಾತು ಹಗುರ ಅಲ್ಲ, ಅದರ ಹಿಂದೆಯೇ ಜವಾಬ್ದಾರಿ ಬರುತ್ತದೆ. ಹಾಸ್ಟೆಲಿನಲ್ಲಿ ಒಂದೇ ತಟ್ಟೆಯಲ್ಲಿ ಚಿತ್ರಾನ್ನ ತಿಂದವರಾದರೆ ಧಾರಾಳವಾಗಿ ಅಣ್ಣ ಅನ್ನಿ. ಅಂಥವರಿಗೆ ಸರ್ ಅಂದರೆ ಅವರಿಗೇ ಬೇಜಾರಾದೀತು. ಏನೂ ಕರೆದಿಲ್ಲ ಅಂದರೆ ಸರ್, ಮೇಡಂ ಸಾಕು. ಅವರೇ ಬೇಡ ಅಂದರೆ ಬಿಡಿ.

ಮೆಸೇಜ್ ಕನ್ನಡದಲ್ಲಿ ಇರಬಹುದಾ? ಅವರ ಜೊತೆ ಕನ್ನಡದಲ್ಲಿ ಮಾತಾಡಿದ್ದರೆ ಕನ್ನಡದಲ್ಲೇ ಬರೆಯಿರಿ, ಸಂಕೋಚ ಬೇಡ. ನಿಮ್ಮ ಕೆಲಸದ ಬಗ್ಗೆ ಬರೆಯುವ ಆ ಎರಡು ಸಾಲು ಮಾತ್ರ ಇಂಗ್ಲಿಷಿನಲ್ಲಿರಲಿ. ಅವನ್ನು ಪೋರ್ಟಲ್‌ನಲ್ಲಿ ಓದುವ ರಿಕ್ರೂಟರ್‌ಗೆ ಕನ್ನಡ ಬರುತ್ತದೆ ಅಂತ ಹೇಳಲಾಗದು, ನಿಮ್ಮ ಸೀನಿಯರ್ ರಾತ್ರಿ ಹತ್ತು ಗಂಟೆಗೆ ಕೂತು ಅನುವಾದ ಮಾಡುವಂತಾಗಬಾರದು.