ಹಗಲಿನ ನೀಲಿ, ಸಂಜೆಯ ಕೆಂಪು: ಎರಡಕ್ಕೂ ಒಂದೇ ಲೆಕ್ಕ

ಆಕಾಶ ಹಗಲಲ್ಲಿ ನೀಲಿ, ಸಂಜೆ ಕೆಂಪು ಯಾಕೆ ಎನ್ನುವ ಪಾಠದಲ್ಲಿ ತುಂಬ ಜನ ಎಡವುವುದು ಒಂದೇ ಕಡೆ. "ಹಗಲು ಗಾಳಿ ನೀಲಿಯನ್ನು ಚದುರಿಸುತ್ತದೆ, ಸಂಜೆ ಕೆಂಪನ್ನು ಚದುರಿಸುತ್ತದೆ" ಎಂದು ಬರೆದುಬಿಡುತ್ತಾರೆ. ನಾನೂ ಹಾಗೇ ಬರೆದು ಮಾರ್ಕ್ಸ್ ಕಳೆದುಕೊಂಡವನೇ. ಸಂಜೆಯಾಯಿತು ಅಂತ ಗಾಳಿ ತನ್ನ ಗುಣ ಬದಲಾಯಿಸುವುದಿಲ್ಲ. ಅದು ಯಾವಾಗಲೂ ನೀಲಿಯನ್ನೇ ಜಾಸ್ತಿ ಚದುರಿಸುತ್ತದೆ. ಬದಲಾಗುವುದು ಬೆಳಕು ಗಾಳಿಯಲ್ಲಿ ಸಾಗುವ ದೂರ ಮಾತ್ರ.

ಮೊದಲು ಚದುರುವುದು ಹೇಗೆ ಅಂತ ನೋಡೋಣ. ಸೂರ್ಯನ ಬಿಳಿ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಇವೆ. ನೀಲಿಯ ತರಂಗಾಂತರ ಸುಮಾರು 450 ನ್ಯಾನೋಮೀಟರ್, ಕೆಂಪಿನದು ಸುಮಾರು 650. ಗಾಳಿಯ ನೈಟ್ರೋಜನ್, ಆಕ್ಸಿಜನ್ ಅಣುಗಳು ಇವೆರಡಕ್ಕಿಂತ ಎಷ್ಟೋ ಚಿಕ್ಕವು. ಇಷ್ಟು ಚಿಕ್ಕ ಕಣಗಳು ಬೆಳಕನ್ನು ಚದುರಿಸುವಾಗ ಒಂದು ನಿಯಮ ನಡೆಯುತ್ತದೆ. ಇದನ್ನು ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿ 1871ರಲ್ಲಿ ಕಂಡುಕೊಂಡರು:

```
ಚದುರುವ ಪ್ರಮಾಣ ∝ 1/λ⁴
```

ಇಲ್ಲಿ λ ಅಂದರೆ ತರಂಗಾಂತರ. 650ನ್ನು 450ರಿಂದ ಭಾಗಿಸಿದರೆ ಸುಮಾರು 1.44. ಅದನ್ನು ಅದರಿಂದಲೇ ಗುಣಿಸುತ್ತಾ ನಾಲ್ಕನೇ ಘಾತಕ್ಕೆ ಹೋದರೆ 4.3 ಬರುತ್ತದೆ. ಅಂದರೆ ಕೆಂಪಿಗಿಂತ ನೀಲಿ ನಾಲ್ಕು ಪಟ್ಟಿಗೂ ಜಾಸ್ತಿ ಚದುರುತ್ತದೆ. ಹಗಲಲ್ಲಿ ಸೂರ್ಯನ ಕಡೆ ನೋಡದೆ ಆಕಾಶದ ಬೇರೆ ಯಾವುದೋ ಮೂಲೆ ನೋಡುತ್ತೀರಿ. ಅಲ್ಲಿಂದ ಕಣ್ಣಿಗೆ ಬರುವುದು ನೇರ ಬೆಳಕಲ್ಲ, ದಾರಿ ತಪ್ಪಿ ಬಂದ ಬೆಳಕು. ಅದರಲ್ಲಿ ನೀಲಿಯ ಪಾಲೇ ದೊಡ್ಡದು.

ಹಾಗಾದರೆ ನೀಲಿಗಿಂತ ತರಂಗಾಂತರ ಕಡಿಮೆ ಇರುವ ನೇರಳೆ ಇನ್ನೂ ಜಾಸ್ತಿ ಚದುರಬೇಕು ಅಲ್ವಾ? ಚದುರುತ್ತದೆ. ಆದರೆ ಸೂರ್ಯನ ಬೆಳಕಿನಲ್ಲಿ ನೇರಳೆಯ ಪಾಲು ಕಡಿಮೆ, ನಮ್ಮ ಕಣ್ಣೂ ಅದಕ್ಕೆ ಅಷ್ಟಾಗಿ ಸ್ಪಂದಿಸುವುದಿಲ್ಲ. ಎಲ್ಲ ಬೆರೆತ ಮೇಲೆ ನಮಗೆ ಕಾಣುವುದು ತಿಳಿನೀಲಿ.

ಈಗ ಸಂಜೆಗೆ ಬರೋಣ. ನನಗೆ ವಿಷಯ ತಲೆಗೆ ಹೋಗಿದ್ದು ಈ ಲೆಕ್ಕ ಮಾಡಿದಾಗಲೇ. ಧೂಳಿಲ್ಲದ ಶುದ್ಧ ಗಾಳಿ ಅಂತ ಇಟ್ಟುಕೊಳ್ಳಿ. ಸೂರ್ಯ ನೆತ್ತಿಯ ಮೇಲಿದ್ದಾಗ ನೀಲಿಯಲ್ಲಿ ನೂರಕ್ಕೆ ಸುಮಾರು 80 ಭಾಗ, ಕೆಂಪಿನಲ್ಲಿ ಸುಮಾರು 95 ಭಾಗ ಚದುರದೆ ನೇರವಾಗಿ ನೆಲಕ್ಕೆ ಬರುತ್ತದೆ. ವ್ಯತ್ಯಾಸ ಅಷ್ಟೇನೂ ಇಲ್ಲ, ಹಾಗಾಗಿ ಸೂರ್ಯ ಬಹುತೇಕ ಬಿಳಿ. ಸೂರ್ಯ ದಿಗಂತಕ್ಕೆ ಇಳಿದಾಗ ಬೆಳಕು ಓರೆಯಾಗಿ ಬರುತ್ತದೆ, ಸುಮಾರು 38 ಪಟ್ಟು ಗಾಳಿ ದಾಟಬೇಕು. ಒಂದರ ಹಿಂದೆ ಒಂದು 38 ಪದರ ಇಟ್ಟ ಹಾಗೆ. ಪ್ರತಿ ಪದರವೂ ತನಗೆ ಬಂದದ್ದರಲ್ಲಿ ಅದೇ ಪಾಲನ್ನು ಕಿತ್ತುಕೊಳ್ಳುತ್ತದೆ:

```
ನೀಲಿ:  0.80^38 ≈ 0.0002
ಕೆಂಪು: 0.95^38 ≈ 0.14
```

ಹತ್ತು ಸಾವಿರ ಪಾಲು ನೀಲಿ ಹೊರಟರೆ ನೇರ ದಾರಿಯಲ್ಲಿ ಉಳಿಯುವುದು ಬರೀ 2. ಕೆಂಪಿನಲ್ಲಿ 1,400 ಉಳಿಯುತ್ತದೆ. ಗಮನಿಸಿ, ಕೆಂಪೂ ಕಳೆದುಹೋಗಿದೆ, ಏಳರಲ್ಲಿ ಒಂದು ಪಾಲು ಮಾತ್ರ ತಲುಪಿದೆ. ಅದಕ್ಕೇ ಮುಳುಗುವ ಸೂರ್ಯ ಮಂಕಾಗಿಯೂ ಕಾಣುತ್ತಾನೆ. ಕೆಂಪು ಅಂದರೆ ಉಳಿದದ್ದು, ಚದುರಿದ್ದಲ್ಲ. ಕಿತ್ತಳೆ, ಹಳದಿಯೂ ಸ್ವಲ್ಪ ಸ್ವಲ್ಪ ಉಳಿಯುವುದರಿಂದ ಬಣ್ಣ ಬರೀ ಕೆಂಪಾಗದೆ ಕಿತ್ತಳೆಗೆ ತಿರುಗುತ್ತದೆ. ಹೀಗೆ ಉಳಿದ ಬೆಳಕೇ ಮೋಡದ ಮೇಲೆ ಬಿದ್ದಾಗ ಮೋಡವೂ ಕೆಂಪು.

ಸೋಸಿಹೋದ ನೀಲಿ ಎಲ್ಲಿಗೆ ಹೋಯಿತು ಅಂತ ಕೇಳಬಹುದು. ದಾರಿಯುದ್ದಕ್ಕೂ ಎಲ್ಲ ದಿಕ್ಕಿಗೂ ಚೆಲ್ಲಿತು. ನಮಗೆ ಸಂಜೆಯಾದಾಗ ನಮ್ಮ ಪಶ್ಚಿಮಕ್ಕೆ ಇನ್ನೂ ಹಗಲು. ಆ ಊರುಗಳ ನೀಲಿ ಆಕಾಶಕ್ಕೆ ಹೋದ ಬೆಳಕೂ ಅದರಲ್ಲಿ ಸೇರಿದೆ.

ಮನೆಯಲ್ಲೇ ನೋಡಬೇಕಾದರೆ ಕತ್ತಲೆ ಕೋಣೆಯಲ್ಲಿ ಉದ್ದನೆಯ ಗಾಜಿನ ಪಾತ್ರೆಗೆ ನೀರು ತುಂಬಿ, ಒಂದು ತುದಿಯಿಂದ ಟಾರ್ಚ್ ಬಿಡಿ. ಹಾಲನ್ನು ಹನಿ ಹನಿಯಾಗಿ ಹಾಕುತ್ತಾ ಕಲಕಿ. ಪಕ್ಕದಿಂದ ನೋಡಿದರೆ ನೀರು ಮಬ್ಬು ನೀಲಿ. ಎದುರು ತುದಿಯಿಂದ ನೋಡಿದರೆ ಟಾರ್ಚಿನ ಬೆಳಕು ಹಳದಿ, ಇನ್ನೆರಡು ಹನಿ ಬಿದ್ದರೆ ಕಿತ್ತಳೆ. ಒಂದೇ ಪಾತ್ರೆಯಲ್ಲಿ ಹಗಲೂ ಸಂಜೆಯೂ.

ನಾನು ಮೊದಲ ಸಲ ಆತುರಪಟ್ಟು ಒಂದು ಚಮಚ ಸುರಿದುಬಿಟ್ಟೆ. ನೀಲಿಯೂ ಇಲ್ಲ, ಕಿತ್ತಳೆಯೂ ಇಲ್ಲ, ಸುಮ್ನೆ ಬಿಳಿ. ಕಣಗಳು ಜಾಸ್ತಿಯಾದರೆ ಬೆಳಕು ಮತ್ತೆ ಮತ್ತೆ ಚದುರಿ, ಎಲ್ಲ ಬಣ್ಣವೂ ಒಟ್ಟಿಗೆ ಹೊರಬರುತ್ತದೆ. ಹಾಲಿನ ಜಿಡ್ಡಿನ ದಪ್ಪ ಹನಿಗಳಂತೂ ಬಣ್ಣ ನೋಡಿ ಭೇದ ಮಾಡುವುದೇ ಇಲ್ಲ. ಮೋಡದ ನೀರ ಹನಿಗಳೂ ಹಾಗೇ ದಪ್ಪ, ಹಗಲಿನ ಮೋಡ ಬೆಳ್ಳಗಿರುವುದು ಅದಕ್ಕೇ.